ನಗದಾಗಿ ಕೊಟ್ಟ ಬಾಡಿಗೆಗೆ ಸಹಿ ಪಡೆದು, ಬ್ಯಾಂಕ್ ಪಾವತಿಗೆ ಬದಲಾದ ಬಗೆ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ ನೆಲಮಹಡಿಯ ಮನೆಗೆ ನಾನು 2024ರ ಜೂನ್ 1ರಂದು ಬಾಡಿಗೆಗೆ ಬಂದೆ. ತಿಂಗಳಿಗೆ 15,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಅವಧಿಯ ಗೇಣಿಪತ್ರವನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ನಮ್ಮ ಕಡೆಯ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ನಿಲ್ಲುತ್ತವೆ. 2025ರ ಮೇ 1ರಿಂದ ಶೇಕಡಾ 5ರಷ್ಟು ಏರಿಕೆಯೊಂದಿಗೆ ಕರಾರು ನವೀಕರಣವಾಗಿ ಬಾಡಿಗೆ 15,750 ರೂಪಾಯಿಯಾಯಿತು. ಆಯಾ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಕೊಡಬೇಕೆಂದು ಎರಡೂ ಕರಾರುಗಳಲ್ಲಿ ಬರೆದಿತ್ತು. ಆದರೆ ಯಾವ ರೀತಿಯಲ್ಲಿ ಕೊಡಬೇಕು, ಯಾರ ಕೈಗೆ ಕೊಡಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮನೆಯ ಖಾತೆ ಇರುವುದು ಮೇಲಿನ ಮಹಡಿಯಲ್ಲಿ ವಾಸಿಸುವ ಹಿರಿಯ ದಂಪತಿಯಲ್ಲಿ ಹೆಂಡತಿಯ ಹೆಸರಿನಲ್ಲಿ. ಕರಾರಿಗೆ ಸಹಿ ಹಾಕಿದವರೂ ಅವರೇ. ಹಣ ಪಡೆಯುತ್ತಿದ್ದವರು ಮಾತ್ರ ಅವರ ಯಜಮಾನರು. ತಿಂಗಳ ಮೊದಲ ವಾರ ನಾನು ಎಟಿಎಂನಿಂದ ಹಣ ತೆಗೆದು ಅವರಿಗೆ ತಲುಪಿಸಿದರೆ, ಅವರು ಎಣಿಸಿ, ತಮ್ಮ ಡೈರಿಯಲ್ಲಿ ಬರೆದುಕೊಂಡು, ಕಾಫಿ ಕುಡಿಸಿ ಕಳುಹಿಸುತ್ತಿದ್ದರು. ರಸೀದಿಯ ಪ್ರಸ್ತಾಪವೇ ಬರಲಿಲ್ಲ. ಅದಕ್ಕೆ ಕಾರಣ ನನ್ನ ಸಂಬಳದ ತೆರಿಗೆ ಲೆಕ್ಕದಲ್ಲಿಯೂ ಇತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವವರು ಕಚೇರಿಗೆ ಬಾಡಿಗೆ ರಸೀದಿ ಕೊಡಬೇಕಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮಾಲೀಕರ ಸಹಿ ಬೀಳುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. ನಾನು ಹೊಸ ಪದ್ಧತಿಯಲ್ಲಿರುವುದರಿಂದ ಕಚೇರಿಯಲ್ಲಿ ಯಾರೂ ರಸೀದಿ ಕೇಳಲಿಲ್ಲ. ನನ್ನಂತೆ ಎಷ್ಟೋ ಮಂದಿ ಬಾಡಿಗೆದಾರರ ಬಳಿ ಇಂದು ಬಾಡಿಗೆ ಕಟ್ಟಿದ್ದಕ್ಕೆ ಒಂದು ಚೀಟಿಯೂ ಇಲ್ಲದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

2025ರ ಆಗಸ್ಟ್‌ನಲ್ಲಿ ಅವರ ಕಿರಿಯ ಮಗ ಊರಿಗೆ ಬಂದಾಗ ಈ ವಿಷಯ ಮುನ್ನೆಲೆಗೆ ಬಂತು. ಮನೆಯನ್ನು ಬಿಲ್ಡರ್‌ಗೆ ಕೊಡುವ ಮಾತುಕತೆ ಮನೆಯೊಳಗೆ ನಡೆಯುತ್ತಿತ್ತು. ಗೇಟಿನ ಬಳಿ ಸಿಕ್ಕಾಗ ಅವರು ಸೌಜನ್ಯದಿಂದಲೇ, "ಮೇಡಂ, ನಿಮ್ಮದು ಬಾಡಿಗೆ ಎಲ್ಲಿವರೆಗೂ ಕ್ಲಿಯರ್ ಆಗಿದೆ? ಅಪ್ಪ ಡೈರಿ ನೋಡಿ ಹೇಳ್ತೀನಿ ಅಂದ್ರು" ಎಂದು ಕೇಳಿದರು. ಜುಲೈವರೆಗೆ ಕೊಟ್ಟಿದ್ದೇನೆ ಎಂದು ಹೇಳಿದೆನಾದರೂ ಆ ಮಾತಿಗೆ ಆಧಾರವಾಗಿದ್ದುದು ಬೇರೊಬ್ಬರ ಡೈರಿ ಮಾತ್ರ. ಕರಾರಿನಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ ಉಳಿದರೆ ಮನೆ ಬಿಡಿಸಬಹುದು, ಬಾಕಿಯನ್ನು ಅಡ್ವಾನ್ಸ್‌ನಿಂದ ಮುರಿದುಕೊಳ್ಳಬಹುದು ಎಂಬ ಷರತ್ತಿದೆ. ಮನೆ ಕೈಬದಲಾಗುವ ಹೊತ್ತಿನಲ್ಲಿ ಲೆಕ್ಕ ನೋಡುವವರು ಬದಲಾದರೆ, ನನ್ನ ಒಂದು ಲಕ್ಷದಲ್ಲಿ ಎಷ್ಟು ವಾಪಸ್ಸು ಬರುತ್ತದೆ ಎಂಬುದು ಆ ಡೈರಿಯ ಮೇಲೆ ನಿಲ್ಲುತ್ತದೆ. ದಂಪತಿಯ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ನಾಳೆ ಉತ್ತರ ಹೇಳಬೇಕಾದವರು ಅವರೇ ಆಗಿರುತ್ತಾರೆಂಬ ಖಾತ್ರಿಯೂ ಇರಲಿಲ್ಲ.

ಕೇಳುವ ಮೊದಲು ನನ್ನ ಹಕ್ಕು ಏನೆಂದು ತಿಳಿದುಕೊಂಡೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನನ್ನ ನೆರವಿಗೆ ಬರುವುದಿಲ್ಲ, ಏಕೆಂದರೆ ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇಂದಿನ ದರದಲ್ಲಿ ಹೆಚ್ಚಿನ ಮನೆಗಳು ಅದರಿಂದ ಹೊರಗೇ ಉಳಿಯುತ್ತವೆ. ನಮ್ಮಂಥವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಾವು ಸಹಿ ಹಾಕಿದ ಕರಾರು. ಆದರೆ 1899ರ ಭಾರತೀಯ ಮುದ್ರಾಂಕ ಕಾಯ್ದೆಯಲ್ಲಿ, ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಹಣ ಪಡೆದವರು, ಕೊಟ್ಟವರು ಕೇಳಿದಾಗ ಸ್ಟಾಂಪು ಹಚ್ಚಿದ ರಸೀದಿ ಕೊಡಬೇಕೆಂಬ ಮಾತಿದೆ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಹಾಗೆಂದು ಮಹಡಿ ಹತ್ತಿ ಕಾಯ್ದೆಯ ಹೆಸರು ಹೇಳಲು ನನಗೆ ಮನಸ್ಸಿರಲಿಲ್ಲ. ನಾನು ಕೇಳುತ್ತಿರುವುದು ಅನುಚಿತವಲ್ಲ ಎಂಬ ಧೈರ್ಯ ನನಗೆ ಬೇಕಿತ್ತು, ಅಷ್ಟೇ.

ಬಾಯಿಮಾತಿನಲ್ಲಿ ಕೇಳಿದ ದಿನ ಯಜಮಾನರಿಗೆ ಬೇಸರವಾಯಿತು. "ನೋಡಮ್ಮ, ಮೂವತ್ತು ವರ್ಷದಿಂದ ಮನೆ ಬಾಡಿಗೆಗೆ ಕೊಡ್ತಾ ಇದ್ದೀನಿ. ಯಾರ ಹತ್ರಾನೂ ಒಂದು ರೂಪಾಯಿ ಜಾಸ್ತಿ ಇಸ್ಕೊಂಡವನಲ್ಲ" ಎಂದರು. "ಅಂಕಲ್, ನಿಮ್ಮ ಮೇಲೆ ಅನುಮಾನ ಇದ್ದಿದ್ರೆ ನಾನು ಮೊದಲನೇ ತಿಂಗಳೇ ಕೇಳ್ತಿದ್ದೆ. ನಾಳೆ ನಿಮ್ಮ ಮಕ್ಕಳು ಕೇಳಿದ್ರೆ ನಾನು ಏನು ತೋರಿಸಲಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನು ಬೇಕೋ ಬರೆದು ಕೊಡು, ಓದಿ ನೋಡ್ತೀನಿ" ಎಂದರು. ಈ ಮಾತು ಬಹಳ ಅನುಕೂಲವಾಯಿತು. ಹಿರಿಯರಿಗೆ ಸ್ಥಳದಲ್ಲೇ ಸಹಿ ಹಾಕಿ ಎಂದು ಒತ್ತಾಯಿಸುವುದಕ್ಕಿಂತ, ಓದಿಕೊಳ್ಳಲು ಕಾಗದ ಕೊಟ್ಟು ಎರಡು ದಿನ ಬಿಡುವುದು ಅವರಿಗೂ ಗೌರವ, ನಮಗೂ ಒಳ್ಳೆಯದು.

ಪತ್ರವನ್ನು ನಾನು ಯಜಮಾನರಿಗೆ ಬರೆಯದೆ ಮನೆಯೊಡತಿಯ ಹೆಸರಿಗೆ ಬರೆದೆ, ಏಕೆಂದರೆ ಕರಾರು ಇರುವುದು ಅವರೊಂದಿಗೆ. ಅದರಲ್ಲಿ ಎರಡೇ ಕೋರಿಕೆಗಳಿದ್ದವು, ಅವುಗಳ ಸಾರ ಹೀಗಿತ್ತು:

"ತಮ್ಮ ಮನೆಯ ನೆಲಮಹಡಿಯಲ್ಲಿ 01-06-2024ರಿಂದ ಬಾಡಿಗೆಗೆ ಇರುವ ನಾನು ಇದುವರೆಗಿನ ಬಾಡಿಗೆಯನ್ನು ತಮ್ಮ ಪರವಾಗಿ ತಮ್ಮ ಪತಿಯವರಿಗೆ ನಗದಾಗಿ ನೀಡುತ್ತಾ ಬಂದಿದ್ದೇನೆ. 2025ರ ಆಗಸ್ಟ್ ತಿಂಗಳವರೆಗಿನ ಬಾಡಿಗೆ ತಮಗೆ ಸಂದಾಯವಾಗಿರುವ ಬಗ್ಗೆ ಲಗತ್ತಿಸಿದ ಪಟ್ಟಿಯನ್ನು ತಮ್ಮ ಲೆಕ್ಕದೊಂದಿಗೆ ತಾಳೆ ನೋಡಿ, ಸರಿಯಿದ್ದಲ್ಲಿ ಸಹಿ ಮಾಡಿ ಕೊಡಬೇಕಾಗಿ ವಿನಂತಿ. 2025ರ ಸೆಪ್ಟೆಂಬರ್ ತಿಂಗಳ ಬಾಡಿಗೆಯಿಂದ ಮುಂದಕ್ಕೆ ತಾವು ಸೂಚಿಸುವ ಬ್ಯಾಂಕ್ ಖಾತೆಗೆ ಹಣ ಜಮಾ ಮಾಡಲು ಅನುಮತಿ ನೀಡಬೇಕಾಗಿಯೂ ಕೋರುತ್ತೇನೆ. ಕರಾರಿನ ಉಳಿದ ಷರತ್ತುಗಳಲ್ಲಿ ಯಾವ ಬದಲಾವಣೆಯನ್ನೂ ನಾನು ಕೋರುತ್ತಿಲ್ಲ."

ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದೆ. ಬಾಡಿಗೆದಾರರು ಇದ್ದಕ್ಕಿದ್ದಂತೆ ಕಾಗದ ಹಿಡಿದು ಬಂದರೆ, ಮನೆ ಬಿಡದೆ ಕೂರುವ ಹುನ್ನಾರವೇನೋ ಎಂಬ ಭಯ ಮಾಲೀಕರಿಗೆ ಬರುವುದು ಸಹಜ. ಪತ್ರದ ಎರಡು ಪ್ರತಿ ಮಾಡಿಸಿ, ಒಂದನ್ನು ಅವರಿಗೆ ಕೊಟ್ಟು ಇನ್ನೊಂದರ ಮೇಲೆ "ಪ್ರತಿ ತಲುಪಿದೆ" ಎಂದು ತಾರೀಖಿನೊಂದಿಗೆ ಬರೆಸಿಕೊಂಡೆ.

ಪಟ್ಟಿಯನ್ನು ತಾಳೆ ನೋಡುವ ಕೆಲಸ ಸುಲಭವೆಂದುಕೊಂಡಿದ್ದೆ. ಸೆಪ್ಟೆಂಬರ್ ಮೊದಲ ವಾರ ಆಗಸ್ಟ್ ತಿಂಗಳ ಬಾಡಿಗೆ ಕೊಟ್ಟ ಮೇಲೆ ಯಜಮಾನರ ಮೇಜಿನ ಬಳಿ ಕುಳಿತು ಒಂದೊಂದೇ ತಿಂಗಳನ್ನು ಓದುತ್ತಾ ಹೋದೆವು. ಅವರು ಡೈರಿಯಲ್ಲಿ ಹಣ ಬಂದ ತಾರೀಖಿನ ಪುಟದಲ್ಲಿ "ಕೆಳಗಿನ ಮನೆ" ಎಂದು ಬರೆದು ಮುಂದೆ ಮೊತ್ತ ಹಾಕಿದ್ದರು. ಯಾವ ತಿಂಗಳ ಬಾಡಿಗೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಜುಲೈ 3ರಂದು ಬಂದ ಹಣ ಜೂನ್‌ನದೋ ಜುಲೈನದೋ ಎಂಬುದು ಬರೆದವರಿಗೆ ಗೊತ್ತು. ಡೈರಿಯನ್ನು ಮೊದಲ ಬಾರಿ ನೋಡುವವರು ಅದನ್ನು ಜುಲೈನದೆಂದು ಓದಿದರೆ, ಕೊನೆಗೆ ಒಂದು ತಿಂಗಳು ಕಡಿಮೆ ಬೀಳುತ್ತದೋ ಹೆಚ್ಚು ಕಾಣುತ್ತದೋ ಹೇಳಲಾಗದು.

ಆಮೇಲೆ ಫೆಬ್ರವರಿ 2025ರ ಬಾಡಿಗೆ ಬಂತು. ಡೈರಿಯಲ್ಲಿ 11,800 ರೂಪಾಯಿ ಎಂದಿತ್ತು, ನನ್ನ ಪಟ್ಟಿಯಲ್ಲಿ 15,000. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಆ ತಿಂಗಳು ಸಂಪಿನಿಂದ ನೀರು ಎತ್ತುವ ಮೋಟಾರು ಕೆಟ್ಟು, ದಂಪತಿ ಊರಿನಲ್ಲಿಲ್ಲದ ಕಾರಣ ಫೋನಿನಲ್ಲಿ ಕೇಳಿ ನಾನೇ ರಿಪೇರಿ ಮಾಡಿಸಿದ್ದೆ. ವೈಂಡಿಂಗ್‌ಗೆ, ಕೂಲಿಗೆ ಸೇರಿ 3,200 ರೂಪಾಯಿ ಆಗಿತ್ತು. ಅದನ್ನು ಬಾಡಿಗೆಯಲ್ಲಿ ಮುರಿದುಕೊಂಡು ಉಳಿದ 11,800 ರೂಪಾಯಿ ಕೊಟ್ಟಿದ್ದೆ. ಅವರು ಕೈಗೆ ಬಂದ ಹಣವನ್ನು ಮಾತ್ರ ಬರೆದುಕೊಂಡಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. ಅಂಗಡಿಯವನ ಬಿಲ್ಲು ಅವರ ಡ್ರಾಯರಿನಲ್ಲೇ, ಕರೆಂಟ್ ಬಿಲ್ಲುಗಳ ಕಟ್ಟಿನ ನಡುವೆ ಸಿಕ್ಕಿತು. ಡೈರಿಯೊಂದನ್ನೇ ಇಟ್ಟುಕೊಂಡು ಮೂರನೆಯವರು ಲೆಕ್ಕ ಹಾಕಿದ್ದರೆ ನನ್ನ ಹೆಸರಿನಲ್ಲಿ 3,200 ರೂಪಾಯಿ ಬಾಕಿ ನಿಲ್ಲುತ್ತಿತ್ತು. ಯಾರೂ ಸುಳ್ಳು ಹೇಳದೆಯೂ ಲೆಕ್ಕ ತಪ್ಪಾಗಬಹುದೆಂದು ಯಜಮಾನರೇ ಹೇಳಿದರು. ಅಲ್ಲಿಂದ ಮುಂದೆ ಅವರ ಬೇಸರ ಕಾಣಲಿಲ್ಲ. ಪಟ್ಟಿ ಸರಿಯಾಗಿರಬೇಕೆಂಬ ಕಾಳಜಿ ನನಗಿಂತ ಅವರಿಗೇ ಹೆಚ್ಚಾಯಿತು.

ಅಂತಿಮ ಲೆಕ್ಕ ಹೀಗೆ ಬಂತು. 2024ರ ಜೂನ್‌ನಿಂದ 2025ರ ಏಪ್ರಿಲ್‌ವರೆಗೆ ಹನ್ನೊಂದು ತಿಂಗಳಿಗೆ ತಲಾ 15,000ದಂತೆ 1,65,000 ರೂಪಾಯಿ. ಮೇ ತಿಂಗಳಿಂದ ಆಗಸ್ಟ್‌ವರೆಗೆ ನಾಲ್ಕು ತಿಂಗಳಿಗೆ 15,750ರಂತೆ 63,000 ರೂಪಾಯಿ. ಒಟ್ಟು 2,28,000 ರೂಪಾಯಿಯಲ್ಲಿ 2,24,800 ನಗದು, 3,200 ಮೋಟಾರು ರಿಪೇರಿಗೆ ಹೊಂದಾಣಿಕೆ. ಇದನ್ನೇ ಹಾಳೆಯ ಮೇಲೆ ತಿಂಗಳುವಾರು ಬರೆದು, ಕೆಳಗೆ ಈ ಒಕ್ಕಣೆಯನ್ನು ಹಾಕಿದೆವು: "ಮೇಲ್ಕಂಡ ಮೊತ್ತವನ್ನು ನನ್ನ ಪರವಾಗಿ ನನ್ನ ಪತಿಯವರು ಪಡೆದಿದ್ದು, ಅದು ನನಗೆ ಸಂದಾಯವಾಗಿದೆ. 31-08-2025ರವರೆಗೆ ಬಾಡಿಗೆ ಬಾಬ್ತು ಯಾವುದೇ ಬಾಕಿ ಇರುವುದಿಲ್ಲ. ಅಡ್ವಾನ್ಸ್ ಹಣ ರೂ. 1,00,000 ನನ್ನ ಬಳಿ ಪೂರ್ತಿಯಾಗಿ ಉಳಿದಿದೆ."

ಈ ಮೂರು ವಾಕ್ಯಗಳಲ್ಲಿ ಒಂದನ್ನೂ ಬಿಡುವಂತಿರಲಿಲ್ಲ. ಹಣ ಪಡೆದವರು ಒಬ್ಬರು, ಕರಾರಿನ ಮಾಲೀಕರು ಇನ್ನೊಬ್ಬರು ಆಗಿರುವಾಗ ಪತಿಯ ಸಹಿಯೊಂದೇ ಸಾಲದು. ಪತಿಗೆ ಕೊಟ್ಟದ್ದು ತನಗೆ ಬಂದಂತೆಯೇ ಎಂದು ಮಾಲೀಕರು ಒಪ್ಪಬೇಕು. ಹಣ ಪಡೆದಿದ್ದೇನೆ ಎಂದಷ್ಟೇ ಬರೆದರೆ ಬೇರೆ ಬಾಕಿ ಇದೆಯೆಂಬ ವಾದಕ್ಕೆ ಜಾಗ ಉಳಿಯುತ್ತದೆ, ಹಾಗಾಗಿ ಬಾಕಿ ಇಲ್ಲವೆಂಬುದು ತಾರೀಖಿನ ಸಮೇತ ಬೇಕು. ಅಡ್ವಾನ್ಸ್‌ನ ವಾಕ್ಯ ಮುಂದಿನ ಲೆಕ್ಕಕ್ಕೆ. ಅಂಚೆ ಕಚೇರಿಯಿಂದ ತಂದ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪನ್ನು ಅಂಟಿಸಿದ ಮೇಲೆ, ಸಹಿಯ ಒಂದು ಭಾಗ ಸ್ಟಾಂಪಿನ ಮೇಲೂ ಉಳಿದ ಭಾಗ ಕಾಗದದ ಮೇಲೂ ಬರುವಂತೆ ಮನೆಯೊಡತಿ ಅಡ್ಡಲಾಗಿ ಸಹಿ ಮಾಡಿದರು. ಹಣ ಪಡೆದವರೆಂದು ಯಜಮಾನರೂ ಕೆಳಗೆ ಸಹಿ ಹಾಕಿದರು. ಅಂಗಡಿಯ ಬಿಲ್ಲಿನ ಜೆರಾಕ್ಸ್ ಹಿಂದೆ ಲಗತ್ತಾಯಿತು. ಎರಡು ಪ್ರತಿ, ಇಬ್ಬರ ಬಳಿಯೂ ಒಂದೊಂದು.

ಬ್ಯಾಂಕ್ ಪಾವತಿಯ ವಿಷಯಕ್ಕೆ ಬಂದಾಗ ಮಾತ್ರ ಹಿರಿಯರು ಹಿಂಜರಿದರು. ಅದಕ್ಕೆ ಕಾರಣವೂ ಇತ್ತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟು, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬೋರ್ಡು ಹಾಕಿದ್ದನ್ನು ಅವರು ಕಣ್ಣಾರೆ ನೋಡಿದ್ದರು. "ಅವರಿಗೆ ಬಂದ ಹಾಗೆ ನಮಗೂ ನೋಟಿಸ್ ಬಂದ್ರೆ ಈ ವಯಸ್ಸಲ್ಲಿ ಎಲ್ಲಿ ಓಡಾಡೋದಮ್ಮ?" ಎಂದು ಮನೆಯೊಡತಿ ಕೇಳಿದರು. ಆ ನೋಟಿಸುಗಳು ಜಿಎಸ್‌ಟಿಗೆ ಸಂಬಂಧಿಸಿದವು; ಒಂದು ಕುಟುಂಬ ತಾನೇ ವಾಸಿಸಲು ಪಡೆದ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಇದನ್ನು ಹೇಳಿ, ಆದಾಯ ತೆರಿಗೆಯ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ವರ್ಷಕ್ಕೆ 15,750ರಂತೆ ಬಾಡಿಗೆ 1,89,000 ರೂಪಾಯಿ. ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆಯುವ ಮೊದಲೇ, ದುರಸ್ತಿ ಇತ್ಯಾದಿಗೆಂದು ಶೇಕಡಾ 30ರಷ್ಟು ಕಳೆದರೆ ಲೆಕ್ಕಕ್ಕೆ ಬರುವುದು 1,32,300 ರೂಪಾಯಿ. ಇದಲ್ಲದೆ ಮನೆಯೊಡತಿಗೆ ಇರುವುದು ಠೇವಣಿಯ ಸಣ್ಣ ಬಡ್ಡಿ. ಹೊಸ ಪದ್ಧತಿಯಲ್ಲಿ 2025-26ಕ್ಕೆ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ನಗದಾಗಿ ಬಂದರೂ ಬಾಡಿಗೆ ಆದಾಯವೇ. ಬ್ಯಾಂಕಿಗೆ ಹೋದ ಮಾತ್ರಕ್ಕೆ ಅದರ ಮೇಲೆ ಹೊಸದಾಗಿ ತೆರಿಗೆ ಹುಟ್ಟುವುದಿಲ್ಲ. ನನ್ನ ಮಾತನ್ನೇ ನಂಬಬೇಡಿ, ನಿಮ್ಮ ಆಡಿಟರ್‌ಗೆ ತೋರಿಸಿ ಎಂದೆ. ಅವರು ತೋರಿಸಿದರು, ಆಡಿಟರ್ ಬಾಡಿಗೆ ಮನೆಯೊಡತಿಯ ಖಾತೆಗೇ ಹೋಗಲಿ, ಯಜಮಾನರ ಪಿಂಚಣಿ ಖಾತೆಗೆ ಬೇಡ ಎಂದು ಸಲಹೆ ಕೊಟ್ಟರಂತೆ. ನನ್ನ ಅಪೇಕ್ಷೆಯೂ ಅದೇ ಆಗಿತ್ತು.

ಆ ಖಾತೆಯದು ಇನ್ನೊಂದು ಕಥೆ. ಪಾಸ್‌ಬುಕ್ ಈಗ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿರುವ ನಮ್ಮ ನಾಡಿನ ಹಳೆಯ ಬ್ಯಾಂಕೊಂದರದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದ ಮೇಲೆ ಶಾಖೆಗಳ ಐಎಫ್‌ಎಸ್‌ಸಿ ಬದಲಾಗಿವೆ. ಹಿರಿಯರ ಮನೆಗಳಲ್ಲಿ ಹಳೆಯ ಪಾಸ್‌ಬುಕ್ ಇನ್ನೂ ಹಾಗೆಯೇ ಇರುತ್ತದೆ. ಅದರಲ್ಲಿದ್ದ ಸಂಖ್ಯೆಯನ್ನು ನನ್ನ ಬ್ಯಾಂಕಿನ ಆ್ಯಪ್ ಒಪ್ಪಲಿಲ್ಲ. ಶಾಖೆಗೆ ಹೋದಾಗ, ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರ ನಡೆಯದ್ದರಿಂದ ಖಾತೆ ನಿಷ್ಕ್ರಿಯವಾಗಿದೆಯೆಂದೂ ತಿಳಿಯಿತು. ಆಧಾರ್, ಪ್ಯಾನ್, ಫೋಟೊ ಕೊಟ್ಟು ಮನೆಯೊಡತಿ ಕೆವೈಸಿ ಮಾಡಿಸಿ, ಮೊಬೈಲ್ ಸಂಖ್ಯೆ ಜೋಡಿಸಿ, ಡೆಬಿಟ್ ಕಾರ್ಡಿಗೂ ಅರ್ಜಿ ಹಾಕಿದರು.

ಯುಪಿಐ ಸುಲಭವಲ್ಲವೇ ಎಂದು ಮಗ ಕೇಳಿದರು. ಆದರೆ ಮನೆಯಲ್ಲಿ ಯುಪಿಐ ಇದ್ದುದು ಯಜಮಾನರ ಫೋನಿನಲ್ಲಿ, ಅದಕ್ಕೆ ಜೋಡಣೆಯಾಗಿದ್ದುದು ಪಿಂಚಣಿ ಖಾತೆ. ಫೋನ್ ಸಂಖ್ಯೆಗೆ ಕಳುಹಿಸಿದರೆ ಹಣ ಮತ್ತೆ ಕರಾರಿನಲ್ಲಿಲ್ಲದವರ ಖಾತೆಗೇ ಸೇರುತ್ತಿತ್ತು. ಆದ್ದರಿಂದ ಖಾತೆ ಸಂಖ್ಯೆಯನ್ನೇ ನಮೂದಿಸಿ ನೆಫ್ಟ್ ಮಾಡುವುದೆಂದು ಗೊತ್ತು ಮಾಡಿಕೊಂಡೆವು. ಖಾತೆ ಸಂಖ್ಯೆ ಹಾಕಿದಾಗ ಬ್ಯಾಂಕ್ ದಾಖಲೆಯಲ್ಲಿರುವ ಹೆಸರು ಪರದೆಯ ಮೇಲೆ ಬಂತು. 2025ರ ಏಪ್ರಿಲ್‌ನಿಂದ ನೆಫ್ಟ್‌ಗೂ ಈ ಸೌಲಭ್ಯವಿದೆ. ಅಲ್ಲಿ ಅವರ ತವರಿನ ಇನಿಷಿಯಲ್ ಇತ್ತು, ಕರಾರಿನಲ್ಲಿ ಗಂಡನ ಮನೆಯದು. ಎರಡೂ ಹೆಸರು ನನ್ನದೇ, ಇಂತಹ ಬ್ಯಾಂಕಿನ ಇಂತಹ ಖಾತೆಗೆ ಬಂದ ಬಾಡಿಗೆ ನನಗೆ ಸಂದಂತೆ ಎಂದು ಅವರು ನನ್ನ ಪತ್ರದ ಕೆಳಗೇ ಬರೆದು ಸಹಿ ಮಾಡಿದರು. ಮೊದಲು ಒಂದು ರೂಪಾಯಿ ಕಳುಹಿಸಿ, ಅವರ ಮೊಬೈಲ್‌ಗೆ ಸಂದೇಶ ಬಂದದ್ದನ್ನು ನೋಡಿದ ಮೇಲೆಯೇ ಅಕ್ಟೋಬರ್ ಮೊದಲ ವಾರದಲ್ಲಿ ಸೆಪ್ಟೆಂಬರ್ ಬಾಡಿಗೆಯನ್ನು ಕಳುಹಿಸಿದೆ. ಷರಾ ಬರೆಯುವ ಜಾಗದಲ್ಲಿ ಹೀಗೆ ಹಾಕಿದೆ:

```
RENT SEP 2025 GF
```

ಅಕ್ಟೋಬರ್‌ನಲ್ಲಿ ಹೋದ ಹಣ ಯಾವ ತಿಂಗಳದು ಎಂಬ ಡೈರಿಯ ಸಮಸ್ಯೆ ಬ್ಯಾಂಕಿಗೆ ಹೋದ ಮಾತ್ರಕ್ಕೆ ತಾನಾಗಿ ಬಗೆಹರಿಯುವುದಿಲ್ಲ. ಹಣ ಹೋಗಿದೆ ಎಂದಷ್ಟೇ ಬ್ಯಾಂಕ್ ಹೇಳಬಲ್ಲದು. ಯಾವುದಕ್ಕೆ ಹೋಯಿತೆಂದು ನಾವೇ ಬರೆಯಬೇಕು.

ಹಿರಿಯರಿಗೆ ನಗದು ಬೇಕಿದ್ದುದಕ್ಕೆ ತೆರಿಗೆಯ ಭಯದಾಚೆಗೆ ಇನ್ನೂ ಒಂದು ಕಾರಣವಿತ್ತು. ಹಾಲು, ತರಕಾರಿ, ಮನೆಗೆಲಸದವರ ಸಂಬಳಕ್ಕೆ ಅವರು ನನ್ನ ಬಾಡಿಗೆಯನ್ನೇ ಬಳಸುತ್ತಿದ್ದರು. ಮೊಣಕಾಲು ನೋವಿರುವವರಿಗೆ ಎಟಿಎಂವರೆಗೆ ನಡೆಯುವುದು ಸಣ್ಣ ಮಾತಲ್ಲ. ಇದನ್ನು ಅವರು ಕೊನೆಗೆ, ಸಂಕೋಚದಿಂದ ಹೇಳಿದರು. ಹಾಗಾಗಿ ಬಾಡಿಗೆ ಮಾತ್ರ ಬ್ಯಾಂಕಿಗೆ, ನೀರಿನ 500 ರೂಪಾಯಿ ಮೊದಲಿನಂತೆ ಕೈಗೆ ಎಂದು ಒಪ್ಪಿದೆವು. ಅದಕ್ಕೊಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ; ತಿಂಗಳ ಹೆಸರು, ಮೊತ್ತ, ತಾರೀಖು ನಾನು ಬರೆಯುತ್ತೇನೆ, ಯಜಮಾನರು ಸಹಿ ಹಾಕುತ್ತಾರೆ. ಉಳಿದ ಖರ್ಚಿನ ಹಣವನ್ನು ಅವರ ಮಗ ಹೊಸ ಕಾರ್ಡಿನಿಂದ ಒಟ್ಟಿಗೆ ತೆಗೆದಿಟ್ಟು ಹೋಗುವ ಏರ್ಪಾಡಾಗಿದೆ.

ಅವರು ಒಪ್ಪದೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಗೆಳತಿಯೊಬ್ಬಳು ಕೇಳಿದಳು. ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತಿರಲಿಲ್ಲ, ಏಕೆಂದರೆ ರಸೀದಿ ಕೊಡಲಿಲ್ಲವೆಂದು ಬಾಡಿಗೆ ತಡೆದರೆ ಕರಾರು ಮುರಿದವರು ನಾವೇ ಆಗುತ್ತೇವೆ. ಮನೆಯೊಡತಿಯ ಹೆಸರಿಗೆ ಅಕೌಂಟ್ ಪೇಯೀ ಎಂದು ಗೀಟು ಹಾಕಿದ ಚೆಕ್ಕು ಬರೆದು, ಯಾವ ತಿಂಗಳ ಬಾಡಿಗೆಯೆಂದು ತಿಳಿಸುವ ಪತ್ರದೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದೆ. ಹಳೆಯ ತಿಂಗಳುಗಳಿಗೆ ಎಟಿಎಂನಿಂದ ಹಣ ತೆಗೆದ ದಾಖಲೆ ಮತ್ತು ವಾಟ್ಸಾಪ್‌ನಲ್ಲಿ ಅವರು ಆಗೊಮ್ಮೆ ಈಗೊಮ್ಮೆ "ಹಣ ತಲುಪಿದೆ" ಎಂದು ಬರೆದ ಸಂದೇಶಗಳಷ್ಟೇ ಇರುತ್ತಿದ್ದವು. ಹಣ ತೆಗೆದದ್ದು ಹಣ ಕೊಟ್ಟದ್ದಕ್ಕೆ ಸಾಕ್ಷಿಯಲ್ಲ, ಹಾಗಾಗಿ ಅದು ದುರ್ಬಲ ಆಧಾರವೇ.

ಎರಡನೆಯ ಕರಾರಿನ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಿಲ್ಡರ್ ಮಾತುಕತೆ ಸದ್ಯಕ್ಕೆ ಮುಂದಕ್ಕೆ ಹೋಗಿರುವುದರಿಂದ ನವೀಕರಣಕ್ಕೆ ಅವರು ಒಪ್ಪಿದ್ದಾರೆ. ಹೊಸ ಕರಾರಿನ ಕರಡಿಗೆ ಮೂರು ಅಂಶ ಸೇರಿಸಿದ್ದೇವೆ: ಬಾಡಿಗೆ ಮಾಲೀಕರ ಆ ಖಾತೆಗೆ ಮಾತ್ರ ಜಮಾ ಆಗಬೇಕು ಮತ್ತು ಬ್ಯಾಂಕಿನ ದಾಖಲೆಯೇ ರಸೀದಿ, ಖಾತೆ ಬದಲಾದರೆ ಮಾಲೀಕರು ಸಹಿ ಮಾಡಿದ ಪತ್ರದ ಮೂಲಕವೇ ತಿಳಿಸಬೇಕು, ಬಾಡಿಗೆಯಲ್ಲಿ ಮುರಿದುಕೊಳ್ಳುವ ರಿಪೇರಿ ಖರ್ಚಿಗೆ ಬಿಲ್ಲು ಹಾಗೂ ಇಬ್ಬರ ಸಹಿ ಇರಬೇಕು. ಮೂರನೆಯದನ್ನು ಸೂಚಿಸಿದವರು ಯಜಮಾನರು.